ವಾರ್ಷಿಕ ಸರ್ವ ಸದಸ್ಯರ ಸಭೆಯ ತಿಳುವಳಿಕೆ ಪತ್ರ

ಗೃಹ ನಿರ್ಮಾಣ ಸಹಕಾರ ಸಂಘ, ವಿದ್ಯಾನಗರ, ದಾವಣಗೆರೆ
ದಿನಾಂಕ: 28-8-2025

ಮಾನ್ಯ ಸದಸ್ಯರೇ,

2024-25ನೇ ಸಾಲಿನ ಸಭೆಯನ್ನು 14-9-2025ರ ಭಾನುವಾರ ಬೆಳಿಗ್ಗೆ 10.30ಕ್ಕೆ ಸಂಘದ ಆವರಣದಲ್ಲಿ ಕರೆಯಲಾಗಿದೆ. ದಯವಿಟ್ಟು ಬನ್ನಿ.

ಸಭೆಯ ವಿಷಯಗಳು:
1. ಹಿಂದಿನ ಸಭೆಯ ನಡಾವಳಿ ಓದಿ ದೃಢಪಡಿಸುವುದು
2. ಆಡಿಟ್ ಆದ ಲೆಕ್ಕಪತ್ರ, 2025-26ರ ಬಜೆಟ್
3. ಲೆಕ್ಕ ಪರಿಶೋಧಕರ ನೇಮಕ
4. ನೀರಿನ ಸಂಪ್ ದುರಸ್ತಿ, ಹೊಸ ಮೋಟರ್: ಅಂದಾಜು 4.20 ಲಕ್ಷ ರೂ. ಬೇಸಿಗೆಯಲ್ಲಿ ಎಲ್ಲರೂ ಪಟ್ಟ ಕಷ್ಟ ಗೊತ್ತೇ ಇದೆ ಅಲ್ವಾ? ಮೂರು ಕೊಟೇಶನ್‌ಗಳು ಕಚೇರಿಯಲ್ಲಿವೆ, ಮೊದಲೇ ನೋಡಿ ಬನ್ನಿ. ಪ್ರತಿ ಮನೆಯ ಪಾಲು ಎಷ್ಟು ಎಂಬುದನ್ನೂ ಸಭೆಯೇ ತೀರ್ಮಾನಿಸಬೇಕು.

ಕೋರಂ: ಬೈಲಾ ಪ್ರಕಾರ 180 ಸದಸ್ಯರಲ್ಲಿ 36 ಮಂದಿ ಇರಲೇಬೇಕು. ಹಾಜರಿ ಪುಸ್ತಕದ ಸಹಿಯೇ ಲೆಕ್ಕ. ಅರ್ಧ ಗಂಟೆಯೊಳಗೆ ಕೋರಂ ಆಗದಿದ್ದರೆ ಸಭೆ 21-9-2025ರ ಭಾನುವಾರ ಅದೇ ವೇಳೆಗೆ, ಅದೇ ಜಾಗಕ್ಕೆ ಮುಂದಕ್ಕೆ ಹೋಗುತ್ತದೆ. ಆಗ ಕೋರಂ ಬೇಕಿಲ್ಲ, ಆದರೆ ಇವೇ ವಿಷಯಗಳಷ್ಟೇ ಚರ್ಚೆಗೆ ಬರುತ್ತವೆ.

ಮತದಾನ: ಒಬ್ಬ ಸದಸ್ಯರಿಗೆ ಒಂದೇ ಮತ, ಎರಡು ಸೈಟ್ ಇದ್ದರೂ ಅಷ್ಟೇ. ಬದಲಿಯಾಗಿ ಮನೆಯವರನ್ನು ಕಳಿಸಿದರೆ ಮತ ಹಾಕಲು ಬರುವುದಿಲ್ಲ. ಕೈ ಎತ್ತಿ ಮತ, ಬಹುಮತವೇ ತೀರ್ಮಾನ. ಸಮವಾದರೆ ಅಧ್ಯಕ್ಷರಿಗೆ ನಿರ್ಣಾಯಕ ಮತ.

ಗುರುತಿನ ಚೀಟಿ ತನ್ನಿ.

ಆಡಳಿತ ಮಂಡಳಿಯ ಆದೇಶದಂತೆ,
ಕಾರ್ಯದರ್ಶಿ