ಕಲಂ 3ಕ್ಕೋ, ಕಲಂ 4ಕ್ಕೋ? ಸ್ಪರ್ಧಾ ಕಾಯ್ದೆ, 2002ರ ವಸ್ತುನಿಷ್ಠ ಪ್ರಶ್ನೆಗಳು

ಪ್ರತಿ ಸರಿಯುತ್ತರಕ್ಕೆ 1 ಅಂಕ, ತಪ್ಪಿಗೆ ಕಾಲು ಅಂಕ ಕಡಿತ. ಪ್ರಶ್ನೆಯಲ್ಲಿ ಮಾರುಕಟ್ಟೆ ಪಾಲಿನ ಶೇಕಡಾವಾರು ಕಂಡ ಕೂಡಲೇ ಕಲಂ 4ಕ್ಕೆ ಟಿಕ್ ಹಾಕಬೇಡಿ.

ಪ್ರಶ್ನೆ 1. ನಗರಸಭೆಯೊಂದರ ಪೈಪ್ ಟೆಂಡರ್‌ಗೆ ನಾಲ್ಕು ಪೂರೈಕೆದಾರರು ಮೀಟರ್‌ಗೆ ₹1,184ರಂತೆ ಒಂದೇ ದರ ಬರೆದಿದ್ದಾರೆ. ನಾಲ್ವರ ಅರ್ಜಿಯಲ್ಲೂ ಒಂದೇ ಕಾಗುಣಿತ ದೋಷ. ಲಿಖಿತ ಒಪ್ಪಂದವಿಲ್ಲ, ಒಟ್ಟು ಮಾರುಕಟ್ಟೆ ಪಾಲು ಶೇ 12.
1) ಕಲಂ 4
2) ಕಲಂ 3(3)
3) ಕಲಂ 3(4)
4) ಉಲ್ಲಂಘನೆಯಿಲ್ಲ

ಉತ್ತರ: 2. ಕಾಯ್ದೆಯ ಪ್ರಕಾರ ಬರೀ ಹೊಂದಾಣಿಕೆಯೂ ಒಪ್ಪಂದವೇ, ಕಾಗದ ಬೇಕಿಲ್ಲ. ಬಿಡ್ ರಿಗ್ಗಿಂಗ್‌ನಲ್ಲಿ ಸ್ಪರ್ಧೆಗೆ ಗಣನೀಯ ಧಕ್ಕೆಯಾಗಿದೆ ಎಂದೇ ಕಾನೂನು ಭಾವಿಸುತ್ತದೆ. ಅದನ್ನು ಅಲ್ಲಗಳೆಯುವ ಭಾರ ಪೂರೈಕೆದಾರರದ್ದು, ಆದ್ದರಿಂದ ಶೇ 12 ಬರೀ ದಾರಿ ತಪ್ಪಿಸುವ ಅಂಕಿ. ಆದರೆ ದರ ಒಂದೇ ಇದ್ದ ಮಾತ್ರಕ್ಕೆ ಸಂಚು ಸಾಬೀತಾಗದು: ಎಲ್‌ಪಿಜಿ ಸಿಲಿಂಡರ್ ತಯಾರಕರ ಪ್ರಕರಣದಲ್ಲಿ (ರಾಜಸ್ಥಾನ್ ಸಿಲಿಂಡರ್ಸ್, 2018) ಸುಪ್ರೀಂ ಕೋರ್ಟ್ ಮಾರುಕಟ್ಟೆಯ ಸ್ವರೂಪ ನೋಡಿ ತಯಾರಕರ ಪರ ತೀರ್ಪಿತ್ತಿತು. ಇಲ್ಲಿ ತೂಕವಿರುವುದು ಕಾಗುಣಿತ ದೋಷಕ್ಕೆ.

ಪ್ರಶ್ನೆ 2. ಶೇ 6 ಪಾಲಿರುವ ಮಿಕ್ಸರ್ ಕಂಪನಿಯೊಂದು, ನಿಗದಿತ ಬೆಲೆಗಿಂತ ಕಡಿಮೆಗೆ ಮಾರಕೂಡದೆಂದು ಡೀಲರುಗಳಿಗೆ ಕಟ್ಟುಪಾಡು ಹಾಕಿದೆ.
1) ಕಲಂ 3(3), ಧಕ್ಕೆಯ ಪೂರ್ವಭಾವನೆ ಇದೆ
2) ಕಲಂ 3(4), ಧಕ್ಕೆಯನ್ನು ಸಾಬೀತುಪಡಿಸಬೇಕು
3) ಕಲಂ 4

ಉತ್ತರ: 2. ಕಂಪನಿ ಮತ್ತು ಡೀಲರ್ ಸರಪಳಿಯ ಬೇರೆ ಬೇರೆ ಹಂತದವರು. ಕಲಂ 19(3)ರ ಅಂಶಗಳನ್ನು ತೂಗಿ ನೋಡಬೇಕು. ಶೇ 6 ಪಾಲಿಗೆ ಧಕ್ಕೆ ತೋರಿಸುವುದು ಕಷ್ಟ.

ಪ್ರಶ್ನೆ 3. ಲಿಫ್ಟ್ ಮಾರುಕಟ್ಟೆಯಲ್ಲಿ ಪ್ರಬಲ ಎಂದು ಸಾಬೀತಾದ ಕಂಪನಿ, ನಿರ್ವಹಣೆಯನ್ನೂ ತನಗೇ ಕೊಡಬೇಕೆಂದು ಅಪಾರ್ಟ್‌ಮೆಂಟ್ ನಿವಾಸಿಗಳ ಸಂಘಗಳಿಗೆ ಷರತ್ತು ಹಾಕುತ್ತದೆ. ಹೆಚ್ಚು ಒಪ್ಪುವುದು ಯಾವುದು?
1) ಕಲಂ 4(2)(ಡಿ)
2) ಕಲಂ 4(2)(ಇ)
3) ಕಲಂ 3(3)

ಉತ್ತರ: 2. ಒಂದು ಮಾರುಕಟ್ಟೆಯ ಬಲದಿಂದ ಇನ್ನೊಂದಕ್ಕೆ ನುಗ್ಗುವುದು (ಇ). (ಡಿ)ಗೆ ಹೆಚ್ಚುವರಿ ಷರತ್ತು ಕರಾರಿನ ವಿಷಯಕ್ಕೆ ಸಂಬಂಧವಿಲ್ಲದ್ದಾಗಿರಬೇಕು. ಲಿಫ್ಟ್‌ಗೂ ಅದರ ನಿರ್ವಹಣೆಗೂ ಸಂಬಂಧವಿದೆ ಎಂಬ ವಾದ ಸುಲಭ. ಪ್ರಾಬಲ್ಯವೇ ತಪ್ಪಲ್ಲ, ಅದರ ದುರ್ಬಳಕೆ ತಪ್ಪು. ಪ್ರಾಬಲ್ಯಕ್ಕೆ ಕಾಯ್ದೆಯಲ್ಲಿ ಇಂತಿಷ್ಟೇ ಶೇಕಡಾ ಎಂಬ ಗೆರೆಯೂ ಇಲ್ಲ. ಸಂಬಂಧಿತ ಮಾರುಕಟ್ಟೆ ಗುರುತಿಸಿ, ಕಲಂ 19(4)ರ ಅಂಶಗಳಿಂದ ತೀರ್ಮಾನಿಸಬೇಕು.

ಪ್ರಶ್ನೆ 4. ಶೇ 45 ಮತ್ತು ಶೇ 40 ಪಾಲಿನ, ಪರಸ್ಪರ ಸಂಬಂಧವಿಲ್ಲದ ಎರಡು ಕಂಪನಿಗಳು ‘ಜಂಟಿಯಾಗಿ ಪ್ರಬಲ’ ಎಂದು ಕಲಂ 4ರಡಿ ದೂರಬಹುದೇ?

ಉತ್ತರ: ಇಲ್ಲ. ಕಲಂ 4 ಹೇಳುವುದು ಒಂದು ಉದ್ಯಮ ಅಥವಾ ಒಂದೇ ಸಮೂಹದ ಬಗ್ಗೆ. ಇಬ್ಬರೂ ಒಳಗೊಳಗೇ ಮಾತಾಡಿಕೊಂಡಿದ್ದಾರೆಂದು ತೋರಿಸಿದರೆ ಕಲಂ 3(3).

ಪ್ರಶ್ನೆ 5. 2023ರ ತಿದ್ದುಪಡಿ ತಂದ ರಾಜಿ ಇತ್ಯರ್ಥ ಯಾವುದಕ್ಕೆ ಸಿಗದು?
1) ಕಲಂ 4
2) ಕಲಂ 3(4)
3) ಕಾರ್ಟೆಲ್

ಉತ್ತರ: 3. ಕಾರ್ಟೆಲ್ ಸದಸ್ಯನಿಗಿರುವ ದಾರಿ ಕಲಂ 46ರ ದಂಡ ರಿಯಾಯಿತಿ. ಅದಕ್ಕೆ ಪೂರ್ಣ ಮತ್ತು ಸತ್ಯವಾದ ಮಾಹಿತಿ ಒದಗಿಸಬೇಕು.