ತಿರುಗಿ ಬಂದ ಹನ್ನೊಂದು ಮಕ್ಕಳಿಗೆ ಆರು ವಾರದ ಸೇತುಬಂಧ

(ಪಾಂಡವಪುರ ತಾಲ್ಲೂಕಿನ ನಮ್ಮ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕರ ಸಭೆಗೆ ಮತ್ತು ಎಸ್‌ಡಿಎಂಸಿ ಸದಸ್ಯರಿಗೆ)

ದೀಪಾವಳಿ ಮುಗಿದ ಮೇಲೆ ನಾಲ್ಕರಿಂದ ಏಳನೇ ತರಗತಿಯವರೆಗಿನ ಹನ್ನೊಂದು ಮಕ್ಕಳು ಶಾಲೆಗೆ ವಾಪಸ್ ಬಂದಿದ್ದಾರೆ. ಏಳು ಮಕ್ಕಳು ಅಪ್ಪ ಅಮ್ಮನ ಜೊತೆ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದವರು. ಇಬ್ಬರು ಇಟ್ಟಿಗೆ ಗೂಡಿನಿಂದ ಬಂದವರು. ಒಬ್ಬನಿಗೆ ಕಾಮಾಲೆ ಆಗಿತ್ತು. ಒಬ್ಬಳು ಮನೆಯಲ್ಲೇ ತಂಗಿಯನ್ನು ನೋಡಿಕೊಳ್ಳುತ್ತಿದ್ದಳು. ಕೆಲವರು ಮೂರು ತಿಂಗಳು ಬಂದಿಲ್ಲ, ಕೆಲವರು ಐದು.

ಜೂನ್‌ನಲ್ಲಿ ಎಲ್ಲರಿಗೂ ಮಾಡುವ ಸೇತುಬಂಧ ಇವರಲ್ಲಿ ಕೆಲವರಿಗೆ ಸಿಕ್ಕಿಲ್ಲ. ಹಾಗಂತ ಇವರನ್ನು ಕೆಳಗಿನ ತರಗತಿಗೆ ತಳ್ಳುವ ಹಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಹೇಳುವುದು ವಯಸ್ಸಿಗೆ ತಕ್ಕ ತರಗತಿ ಮತ್ತು ವಿಶೇಷ ತರಬೇತಿ. ತಪ್ಪಿಹೋದ ಪಾಠಗಳನ್ನೆಲ್ಲ ಓಡಿಸಿ ಮುಗಿಸುವುದೂ ನಮ್ಮ ಗುರಿಯಲ್ಲ. ಮಗು ಎಲ್ಲಿ ಎಡವಿದೆಯೋ ಆ ಮೆಟ್ಟಿಲನ್ನು ಹುಡುಕಬೇಕು. ಅಲ್ಲಿಂದಲೇ ಶುರು ಮಾಡಬೇಕು.

ಮೊದಲ ಎರಡು ದಿನ: ಪರೀಕ್ಷೆ ಅನ್ನಿಸದ ಪರೀಕ್ಷೆ

ಒಂದು ಮಗುವಿಗೆ ಹತ್ತು ನಿಮಿಷ. ಪ್ರಶ್ನೆಪತ್ರಿಕೆ ಬೇಡ. ಜಗಲಿಯ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ, ಲೆಕ್ಕ ಕೇಳಿ. ಬೇರೆ ಮಕ್ಕಳು ಸುತ್ತ ನಿಲ್ಲಬಾರದು. 'ಇಷ್ಟು ದಿನ ಯಾಕೆ ಬರಲಿಲ್ಲ' ಅಂತ ಯಾರೂ ತರಗತಿಯಲ್ಲಿ ಕೇಳಬೇಡಿ.

ಓದಿಗೆ ನಮ್ಮ ಜಿಲ್ಲೆಯ ಏಳು ತಾಲ್ಲೂಕಿನ ಹೆಸರುಗಳೇ ಸಾಕು. ಬಸ್ ಬೋರ್ಡಿನ ಹಾಗೆ ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದೇನೆ. ನಾಗಮಂಗಲ, ಪಾಂಡವಪುರದಲ್ಲಿ ಒತ್ತಕ್ಷರವೇ ಇಲ್ಲ. ಮದ್ದೂರು, ಮಳವಳ್ಳಿಯಲ್ಲಿ ಅದೇ ಅಕ್ಷರದ ಒತ್ತು. ಮಂಡ್ಯದಲ್ಲಿ ಬೇರೆ ಅಕ್ಷರದ ಒತ್ತು. ಶ್ರೀರಂಗಪಟ್ಟಣದಲ್ಲಿ ಎರಡೂ ಥರದ್ದಿವೆ. ಕೃಷ್ಣರಾಜಪೇಟೆ ದಾಟಿದ ಮಗು ಪುಸ್ತಕ ಹಿಡಿಯಬಹುದು. ಬೋರ್ಡು ನೋಡಿ ಊರು ಗುರುತಿಸಿಬಿಡುವ ಮಕ್ಕಳೂ ಇರುತ್ತಾರೆ, ಅದಕ್ಕೇ ಅದೇ ಒತ್ತಿರುವ ಇನ್ನೊಂದು ಪದವನ್ನೂ ಓದಿಸಿ: ಮುದ್ದೆ, ಬಳ್ಳಿ, ಜಾಡ್ಯ, ಕೃಷ್ಣ.

ಏಳನ್ನೂ ದಾಟಿದವರಿಗೆ ಈ ನಾಲ್ಕು ಸಾಲು:

"ಅಪ್ಪ ಗಾಡಿ ತುಂಬ ಕಬ್ಬು ತಂದರು. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಬೆಲ್ಲದ ವಾಸನೆಗೆ ಇರುವೆಗಳು ಸಾಲು ಕಟ್ಟಿದವು. ಅಜ್ಜಿ ನನಗೊಂದು ಸಣ್ಣ ಅಚ್ಚು ಕೊಟ್ಟರು."

ಓದಿದ ಮೇಲೆ ಕೇಳುವುದು ಎರಡೇ: ಇರುವೆ ಯಾಕೆ ಬಂದವು? ಅಜ್ಜಿ ಕೊಟ್ಟಿದ್ದು ಯಾವುದರ ಅಚ್ಚು? ಎರಡನೆಯದಕ್ಕೆ ಉತ್ತರ ನೇರವಾಗಿ ಅಲ್ಲಿ ಬರೆದಿಲ್ಲ. ಅರ್ಥವಾಗಿ ಓದಿದೆಯೋ, ಸುಮ್ನೆ ಅಕ್ಷರ ಜೋಡಿಸಿದೆಯೋ ಅಲ್ಲಿ ಗೊತ್ತಾಗುತ್ತದೆ. 'ಹಾಲು' ಇದ್ದದ್ದನ್ನು ಮಗು 'ಆಲು' ಅಂದರೆ ತಪ್ಪು ಹಾಕಬೇಡಿ. ಅದು ನಮ್ಮೂರ ನಾಲಿಗೆ, ನಾವೂ ಮನೆಯಲ್ಲಿ ಹಾಗೇ ಅನ್ನುವುದು ಅಲ್ವಾ? ಬರೆಯುವಾಗ ಮಾತ್ರ ನೋಡೋಣ.

ಲೆಕ್ಕಕ್ಕೆ ಐದು ಸಾಕು. ಮುನ್ನೂರ ಐದು ಅಂತ ಹೇಳಿ ಬರೆಸುವುದು (3005 ಬರೆಯುವವರು ಖಂಡಿತ ಸಿಗುತ್ತಾರೆ), 47 + 38, 500 − 365, 24 × 6, 84 ÷ 7. ಪ್ರತಿಯೊಂದನ್ನೂ ಮೊದಲು ಬಾಯಲ್ಲಿ ಕೇಳಿ, ಆಮೇಲೆ ಕಾಗದದಲ್ಲಿ ಮಾಡಿಸಿ.

ಈ ಕ್ರಮ ಯಾಕೆ ಅಂತ ಹೇಳುತ್ತೇನೆ. ಹೋದ ಶನಿವಾರ ಇಟ್ಟಿಗೆ ಗೂಡಿನಿಂದ ಬಂದ ಆರನೇ ತರಗತಿ ಹುಡುಗನ ಮೇಲೆ ಪ್ರಯೋಗ ಮಾಡಿ ನೋಡಿದೆ. "ಐನೂರು ಕೊಟ್ಟು 365 ರೂಪಾಯಿ ಸಾಮಾನು ತಂದೆ, ಚಿಲ್ಲರೆ ಎಷ್ಟು ಬರಬೇಕು?" ಅಂದೆ. ಕಣ್ಣು ಮಿಟುಕಿಸುವಷ್ಟರಲ್ಲಿ "ನೂರ ಮೂವತ್ತೈದು ಮಿಸ್" ಅಂದ. ಅದೇ ಲೆಕ್ಕ ಸ್ಲೇಟಿನಲ್ಲಿ ಹಾಕಿಕೊಟ್ಟರೆ 265 ಬರೆದ. ಎಲ್ಲ ಮನೆಯಲ್ಲೂ ದೊಡ್ಡದರಲ್ಲಿ ಚಿಕ್ಕದನ್ನು ಕಳೆದಿದ್ದ. ಅವನಿಗೆ ಕಳೆಯುವುದು ಬರುತ್ತದೆ. ಬಾರದೇ ಇರುವುದು ಕಡ ತೆಗೆದುಕೊಳ್ಳುವ ಬರವಣಿಗೆ. ಬರೀ ಸ್ಲೇಟು ನೋಡಿದ್ದರೆ ಎರಡನೇ ತರಗತಿ ಮಟ್ಟ ಅಂತ ಬರೆದುಬಿಡುತ್ತಿದ್ದೆ.

ದಿನದ ಸಮಯ

ಸೋಮವಾರದಿಂದ ಶುಕ್ರವಾರ, ಪ್ರಾರ್ಥನೆ ಮುಗಿದ ತಕ್ಷಣ 80 ನಿಮಿಷ: 40 ಕನ್ನಡಕ್ಕೆ, 40 ಗಣಿತಕ್ಕೆ. ಆರು ವಾರಕ್ಕೆ 40 ಗಂಟೆ ಸಿಗುತ್ತದೆ. ರಜೆ ಬಂದರೆ ಶನಿವಾರ ತುಂಬಿಸಿಕೊಳ್ಳೋಣ. ಆಮೇಲೆ ಮಕ್ಕಳು ತಮ್ಮ ತಮ್ಮ ತರಗತಿಗೆ ಹೋಗಬೇಕು. ಇಡೀ ದಿನ ಇವರನ್ನೇ ಬೇರೆ ಕೂರಿಸಿದರೆ ಒಂದು ವಾರದಲ್ಲಿ ಶಾಲೆಯಲ್ಲಿ ಅಡ್ಡಹೆಸರು ಹುಟ್ಟಿಕೊಳ್ಳುತ್ತದೆ. ತರಗತಿಯಲ್ಲೂ ಕೊನೆ ಬೆಂಚು ಬೇಡ. ಓದುವ ಒಬ್ಬ ಜೊತೆಗಾರನ ಪಕ್ಕ ಕೂರಲಿ.

ಕನ್ನಡ ನಾನು ನೋಡಿಕೊಳ್ಳುತ್ತೇನೆ. ಗಣಿತಕ್ಕೆ ಅತಿಥಿ ಶಿಕ್ಷಕಿ ಒಪ್ಪಿದ್ದಾರೆ. ಆ ಹೊತ್ತಿಗೆ ಐದನೇ ತರಗತಿಯನ್ನು ಮುಖ್ಯೋಪಾಧ್ಯಾಯರು ತೆಗೆದುಕೊಳ್ಳಬೇಕು ಅಂತ ಕೋರಿಕೆ.

ವಾರಗಳು

ಮೊದಲ ಮೂರು ವಾರ ಪಠ್ಯಪುಸ್ತಕ ಮುಟ್ಟುವುದಿಲ್ಲ. ತರಗತಿ ಲೆಕ್ಕ ಬಿಟ್ಟು ಓದಿನ ಮಟ್ಟದ ಮೇಲೆ ಮೂರು ಗುಂಪು. ಗುಂಪಿನ ಹೆಸರು ನಾಗಮಂಗಲ, ಮದ್ದೂರು, ಮಂಡ್ಯ. ಎ, ಬಿ, ಸಿ ಅಂತ ಇಟ್ಟರೆ ಸಿ ಯಾರು ಅಂತ ಮಕ್ಕಳಿಗೆ ಗೊತ್ತಿಲ್ಲವೇ! ನಲಿ-ಕಲಿ ಕಾರ್ಡುಗಳು ಕಪಾಟಿನಲ್ಲಿವೆ. ಆದರೆ ಏಳನೇ ತರಗತಿ ಹುಡುಗಿಗೆ ಚಿಕ್ಕ ಮಕ್ಕಳ ಚಿತ್ರದ ಕಾರ್ಡು ಕೊಟ್ಟರೆ ಮಾರನೇ ದಿನ ಬರುವುದಿಲ್ಲ. ಬೀಜದ ಪೊಟ್ಟಣ, ಜಾತ್ರೆಯ ಕರಪತ್ರ, ಅಂಗಡಿ ಚೀಟಿ, ಹಳೇ ದಿನಪತ್ರಿಕೆ ತನ್ನಿ. ದಿನಾ ಮಗು ಹೇಳಿದ ಎರಡು ಮಾತನ್ನು ನಾನು ಬೋರ್ಡಿನಲ್ಲಿ ಬರೆಯುತ್ತೇನೆ, ಮಗು ಅದನ್ನೇ ಓದಿ ನಕಲು ಮಾಡುತ್ತದೆ. ತಾನೇ ಆಡಿದ ಮಾತಾದ್ದರಿಂದ ಬೇಗ ಹತ್ತುತ್ತದೆ. ಅರ್ಕಾವೊತ್ತು ಮಾತ್ರ ಮೂರನೇ ವಾರಕ್ಕಿರಲಿ. 'ಸೂರ್ಯ'ನನ್ನು 'ಸೂಯ್ರ' ಮಾಡುವವರು ಜಾಸ್ತಿ.

ಗಣಿತದಲ್ಲಿ ಕಡ ಅಂದರೆ ಚಿಲ್ಲರೆ ಮಾಡಿಸುವುದು, ಅಷ್ಟೇ. ರಟ್ಟಿನ ನೋಟು ಕತ್ತರಿಸಿಟ್ಟಿದ್ದೇವೆ. ಐದು ನೂರರಲ್ಲಿ ಒಂದನ್ನು ಮುರಿಸಿ ಹತ್ತು ಹತ್ತರ ನೋಟು, ಅದರಲ್ಲಿ ಒಂದನ್ನು ಮುರಿಸಿ ಹತ್ತು ಬಿಡಿ ನಾಣ್ಯ. ಈಗ ಕೈಯಲ್ಲಿ 4 ನೂರು, 9 ಹತ್ತು, 10 ಬಿಡಿ. ಇದರಿಂದ 365 ಎತ್ತಿ ಕೊಡಲಿ. ಕೊಟ್ಟ ಮೇಲೆ ಅದನ್ನೇ ಸ್ಲೇಟಿನಲ್ಲಿ ಬರೆಯಲಿ. ಮಗ್ಗಿ ಬಾಯಿಪಾಠ ಕೊನೆಯ ಐದು ನಿಮಿಷ, ಅದಕ್ಕಿಂತ ಜಾಸ್ತಿ ಬೇಡ.

ಮೂರನೇ ಶುಕ್ರವಾರ ಅದೇ ಪರೀಕ್ಷೆ, ಬೇರೆ ಪದ, ಬೇರೆ ಅಂಕಿ. ಮುಂದೆ ಬಂದವರು ಗುಂಪು ಬದಲಿಸುತ್ತಾರೆ. ಯಾರೂ ಜರುಗದ ಗುಂಪಿದ್ದರೆ ತಪ್ಪು ನಮ್ಮ ಪಾಠದ್ದು, ಕೂತು ಮಾತಾಡೋಣ.

ನಾಲ್ಕರಿಂದ ಆರನೇ ವಾರ ತರಗತಿಯ ಪಾಠಕ್ಕೆ ದಾರಿ. ಆಯಾ ಶಿಕ್ಷಕರು ಜನವರಿಯಿಂದ ಮಾಡುವ ಪಾಠಗಳಿಗೆ ಹಿಂದಿನ ಯಾವ ಎರಡು ವಿಷಯ ಬೇಕೇ ಬೇಕು ಅಂತ ಒಂದು ಚೀಟಿಯಲ್ಲಿ ಬರೆದುಕೊಡಿ. ಎರಡೇ. ಐದು, ಆರನೇ ತರಗತಿ ಗಣಿತಕ್ಕೆ ಭಿನ್ನರಾಶಿ ಅಂತೂ ಬೇಕು. ಮುದ್ದೆ ಭಾಗ ಮಾಡುವುದರಿಂದ ಶುರು ಮಾಡಬಹುದು. ವಿಜ್ಞಾನ, ಸಮಾಜಕ್ಕೆ ಜೊತೆಗಾರ ಕಥೆ ಹೇಳಿದ ಹಾಗೆ ಹೇಳಲಿ. ನೋಟ್ಸ್ ನಕಲು ಮಾಡಿಸಿ ಕೈ ನೋಯಿಸಬೇಡಿ.

ಹಾಜರಿ

ಎಲ್ಲಕ್ಕಿಂತ ಕಷ್ಟದ್ದು ಇದೇ. ಎರಡು ದಿನ ಬರದಿದ್ದರೆ ಮೂರನೇ ದಿನ ಸಂಜೆ ಎಸ್‌ಡಿಎಂಸಿಯ ಒಬ್ಬರು, ನಮ್ಮಲ್ಲಿ ಒಬ್ಬರು ಮನೆಗೆ ಹೋಗಬೇಕು, ಬೈಯಲಿಕ್ಕಲ್ಲ. ತಂಗಿಯನ್ನು ನೋಡಿಕೊಳ್ಳುವ ಹುಡುಗಿಯ ವಿಷಯದಲ್ಲಿ ಅಂಗನವಾಡಿ ಕಾರ್ಯಕರ್ತೆಯ ಹತ್ತಿರ ಮಾತಾಡಿದ್ದೇವೆ. ಮಗುವಿಗೆ ಮೂರು ತುಂಬಿದೆ, ಸೋಮವಾರದಿಂದ ಕರೆತರಲು ಅವರಮ್ಮ ಒಪ್ಪಿದ್ದಾರೆ.

ಸಂಕ್ರಾಂತಿ ಆದ ಮೇಲೆ ಮೂರು ಮನೆಯವರು ಮತ್ತೆ ಬೆಂಗಳೂರಿಗೆ ಹೋಗುವ ಮಾತಿದೆ. ಹೋಗುವ ಮುಂಚೆ ತಿಳಿಸಿ ಅಂತ ಕೇಳಿಕೊಂಡಿದ್ದೇನೆ. ಮಗು ಎಲ್ಲಿಯವರೆಗೆ ಓದುತ್ತದೆ, ಯಾವ ಲೆಕ್ಕ ಬರುತ್ತದೆ ಅಂತ ಅರ್ಧ ಪುಟದಲ್ಲಿ ಬರೆದು ಮನೆಯವರ ಕೈಗೆ ಕೊಡೋಣ. ಅಲ್ಲಿನ ಶಾಲೆಯ ಮೇಷ್ಟ್ರು ಮತ್ತೆ ಮೊದಲಿಂದ ಹುಡುಕುವುದು ತಪ್ಪುತ್ತದೆ. ಆ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಡಬೇಕು, ಶೆಡ್ಡಿನಲ್ಲಿ ಕಾಗದ ಉಳಿಯುವುದಿಲ್ಲ.