ವಿಷಯ: ಪಂಪ್ ಶಾಫ್ಟ್‌ಗೆ ಇಎನ್19 ಬದಲು 42CrMo4 ಬಳಸಲು ಒಪ್ಪಿಗೆ ಬೇಕು (240 ಶಾಫ್ಟ್‌ಗೆ ಮಾತ್ರ)

ನಮಸ್ಕಾರ ಮೇಡಂ,

ಈ ಆರ್ಡರ್‌ನ 240 ಶಾಫ್ಟ್‌ಗಳಿಗೆ ನಿಮ್ಮ ಡ್ರಾಯಿಂಗ್ ಇಎನ್19, ‘ಟಿ’ ಕಂಡೀಷನ್ ಕೇಳುತ್ತದೆ. 55 ಎಂಎಂ ರೌಂಡ್ ಬಾರ್ ಪೀಣ್ಯದ ನಮ್ಮ ಯಾವ ಸ್ಟಾಕಿಸ್ಟ್ ಹತ್ತಿರವೂ ಇಲ್ಲ. ಮಿಲ್‌ನ ಮುಂದಿನ ರೋಲಿಂಗ್ ಆರು ವಾರದ ನಂತರ. 65 ಎಂಎಂ ಸಿಗುತ್ತದೆ, ಆದರೆ ಅದರಲ್ಲಿ ಸುಮಾರು 28% ಸ್ಟೀಲ್ 55ಕ್ಕೆ ಇಳಿಸುವಾಗಲೇ ಚಿಪ್ಸ್ ಆಗಿ ಹೋಗುತ್ತದೆ. 42CrMo4 ಮಾತ್ರ 55 ಎಂಎಂನಲ್ಲೇ ಇದೆ. ಈ ಒಂದು ಆರ್ಡರ್‌ಗೆ ಅದನ್ನು ಬಳಸಲು ಒಪ್ಪಿಗೆ ಕೊಡಿ ಎಂದು ಕೇಳುತ್ತಿದ್ದೇವೆ.

ಎರಡೂ ಕ್ರೋಮ್-ಮಾಲಿಬ್ಡಿನಮ್ ಸ್ಟೀಲ್‌ಗಳೇ. ಆದರೂ ಒಂದು ವ್ಯತ್ಯಾಸವನ್ನು ನೀವು ನೋಡಲೇಬೇಕು. ಈ ಹೀಟ್‌ನಲ್ಲಿ ಮಾಲಿಬ್ಡಿನಮ್ 0.18% ಇದೆ. 42CrMo4ಗೆ ಅದು ಸರಿ (0.15–0.30), ಇಎನ್19ರ ಕನಿಷ್ಠ 0.20ಕ್ಕಿಂತ ಮಾತ್ರ ಕಡಿಮೆ. ಮಾಲಿಬ್ಡಿನಮ್ ಕಡಿಮೆಯಾದರೆ ಬಾರ್‌ನ ನಡುಭಾಗ ಸರಿಯಾಗಿ ಗಟ್ಟಿಯಾಗದೆ ಉಳಿಯಬಹುದು, ಅಲ್ವಾ? ಅದಕ್ಕೇ ಮೇಲ್ಮೈ ಹಾರ್ಡ್‌ನೆಸ್ ಒಂದನ್ನೇ ನಂಬಲಿಲ್ಲ. ಹಾರ್ಡನಿಂಗ್, ಟೆಂಪರಿಂಗ್ ಆದ ಬಾರ್ ಕತ್ತರಿಸಿ ಅಡ್ಡಕ್ಕೆ ಅಳೆಸಿದೆವು. ಅಂಚಿನಲ್ಲಿ 285 ಬಿಎಚ್‌ಎನ್, ಅರ್ಧ ತ್ರಿಜ್ಯದಲ್ಲಿ 278, ಮಧ್ಯದಲ್ಲಿ 268 ಬಂದಿದೆ. ಡ್ರಾಯಿಂಗ್ ಮಿತಿ 248–302. ಮ್ಯಾಂಗನೀಸ್ 0.78% ಇರುವುದೂ ಇಲ್ಲಿ ನೆರವಾಗಿದೆ.

ಟೆನ್ಸೈಲ್ 932 ಎಂಪಿಎ (ಬೇಕಾದದ್ದು 850–1000), ಯೀಲ್ಡ್ 768, ಎಲಾಂಗೇಷನ್ 16%. ಬೇರಿಂಗ್ ಜಾಗಕ್ಕೆ ಇಂಡಕ್ಷನ್ ಹಾರ್ಡನಿಂಗ್ ಟ್ರಯಲ್ ಕೂಡ ಮಾಡಿದೆವು: 53–54 ಎಚ್‌ಆರ್‌ಸಿ, ಆಳ 2.1 ಎಂಎಂ. ಮ್ಯಾಗ್ನೆಟಿಕ್ ಪಾರ್ಟಿಕಲ್ ಪರೀಕ್ಷೆಯಲ್ಲಿ ಬಿರುಕು ಕಂಡಿಲ್ಲ. ಗಂಧಕ 0.012% ಅಷ್ಟೇ ಇರುವುದರಿಂದ ಟರ್ನಿಂಗ್‌ನಲ್ಲಿ ಚಿಪ್ಸ್ ಉದ್ದುದ್ದ ಬರುತ್ತದೆ, ಆದರೆ ಅದು ನಮ್ಮ ತಲೆನೋವು.

ಮಿಲ್ ಸರ್ಟಿಫಿಕೇಟ್, ಎನ್‌ಎಬಿಎಲ್ ಮಾನ್ಯತೆಯ ಲ್ಯಾಬ್‌ನ ರಿಪೋರ್ಟ್, ಇಂಡಕ್ಷನ್ ಟ್ರಯಲ್‌ನ ಫೋಟೊಗಳು ಲಗತ್ತಿನಲ್ಲಿವೆ. ಮಿಲ್ ಮತ್ತು ಲ್ಯಾಬ್ ರಿಪೋರ್ಟ್‌ಗಳಲ್ಲಿ ಕಾರ್ಬನ್ 0.41, 0.42 ಎಂದು ಸ್ವಲ್ಪ ಬೇರೆ ಬೇರೆ ಇದೆ. ಎರಡೂ ಮಿತಿಯೊಳಗೇ ಇವೆ.

ಬೆಲೆ ಬದಲಾಗುವುದಿಲ್ಲ. ಪ್ರತಿ ಶಾಫ್ಟ್‌ನ ತುದಿಗೆ ಹೀಟ್ ನಂಬರ್ ಪಂಚ್ ಮಾಡುತ್ತೇವೆ, ಹಸಿರು ಬಣ್ಣದ ಗುರುತು ಹಾಕುತ್ತೇವೆ. ಹಳೇ ಇಎನ್19 ಶಾಫ್ಟ್‌ಗಳ ಜೊತೆ ನಿಮ್ಮ ಸ್ಟೋರ್ಸ್‌ನಲ್ಲಿ ಬೆರೆಯಬಾರದು. ಡ್ರಾಯಿಂಗ್ ಬದಲಿಸುವ ಅಗತ್ಯವಿಲ್ಲ, ಡೀವಿಯೇಷನ್ ನೋಟ್ ಸಾಕು. ಮುಂದಿನ ಆರ್ಡರ್‌ಗೆ ಮತ್ತೆ ಇಎನ್19ನ್ನೇ ತರಿಸುತ್ತೇವೆ.

ಸ್ಟಾಕಿಸ್ಟ್ ಬಾರ್‌ಗಳನ್ನು ಶನಿವಾರದವರೆಗೆ ಮಾತ್ರ ಹಿಡಿದಿಡುತ್ತಾರಂತೆ. ಹಾಗಾಗಿ ಗುರುವಾರದೊಳಗೆ ಹೌದು ಅಥವಾ ಇಲ್ಲ ತಿಳಿಸಿದರೆ ಒಳ್ಳೆಯದು. ನಿಮ್ಮ ಲ್ಯಾಬ್‌ನಲ್ಲೂ ಪರೀಕ್ಷಿಸಬೇಕೆಂದರೆ ಕತ್ತರಿಸಿದ ಎರಡು ತುಂಡುಗಳಿವೆ, ಇವತ್ತೇ ಹುಬ್ಬಳ್ಳಿಗೆ ಕೊರಿಯರ್ ಮಾಡಿಸುತ್ತೇನೆ. ನೀವು ಒಪ್ಪುವವರೆಗೆ ಒಂದು ಬಾರ್ ಕೂಡ ಮಷಿನ್‌ಗೆ ಹತ್ತಿಸುವುದಿಲ್ಲ.

ವಂದನೆಗಳೊಂದಿಗೆ,
ಕ್ವಾಲಿಟಿ ಇನ್‌ಚಾರ್ಜ್
ಮಷಿನಿಂಗ್ ಘಟಕ, ಪೀಣ್ಯ, ಬೆಂಗಳೂರು